71 ಪರ್ಸೆಂಟ್ ಎಲ್ಲಿಂದ ಬಂತು?

2021ರ ಜನವರಿ ಕೊನೆಗೆ ನಿಫ್ಟಿ 50 ಸೂಚ್ಯಂಕ 13,634ರಲ್ಲಿತ್ತು. ಅದರ ಹಿಂದಿನ ವರ್ಷ ಜನವರಿ ಕೊನೆಗೆ 11,962ರಲ್ಲಿತ್ತು. ಅಂದರೆ ಒಂದು ವರ್ಷದಲ್ಲಿ 14 ಪರ್ಸೆಂಟ್ ಏರಿಕೆ. ಇದೇ ಲೆಕ್ಕವನ್ನು ಫೆಬ್ರವರಿ ಕೊನೆಗೆ ಮಾಡಿದರೆ ಸುಮಾರು 30 ಪರ್ಸೆಂಟ್ ಬರುತ್ತದೆ. ಮಾರ್ಚ್ ಕೊನೆಗೆ ಮಾಡಿದರೆ 71. ಏಪ್ರಿಲ್ ಕೊನೆಗೆ ಮತ್ತೆ ಇಳಿದು 48. ಸೂಚ್ಯಂಕ ಅದೇ, ಅದರೊಳಗಿನ ಕಂಪನಿಗಳೂ ಹೆಚ್ಚುಕಡಿಮೆ ಅವೇ. ಈ ಸೂಚ್ಯಂಕವನ್ನೇ ಹಿಂಬಾಲಿಸುವ ಒಂದು ಇಂಡೆಕ್ಸ್ ಫಂಡ್‌ನ ನಾಲ್ಕು ತಿಂಗಳ ನಾಲ್ಕು ಫ್ಯಾಕ್ಟ್ ಶೀಟ್‌ಗಳನ್ನು, ಅಂದರೆ ಫಂಡ್ ತಿಂಗಳಿಗೊಮ್ಮೆ ಹೊರಡಿಸುವ ವಿವರದ ಹಾಳೆಗಳನ್ನು, ಪಕ್ಕಪಕ್ಕ ಇಟ್ಟರೆ ಮಾತ್ರ ನಾಲ್ಕು ಬೇರೆ ಬೇರೆ ಫಂಡ್‌ಗಳ ಹಾಗೆ ಕಾಣುತ್ತವೆ.

ಜನವರಿ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಸೂಚ್ಯಂಕ ನಿಜವಾಗಿ ಏರಿದ್ದು ಎಷ್ಟು ಗೊತ್ತಾ? 13,634ರಿಂದ 14,690ಕ್ಕೆ. ಎಂಟು ಪರ್ಸೆಂಟೂ ಇಲ್ಲ. ಆದರೂ ಒಂದು ವರ್ಷದ ರಿಟರ್ನ್ 14ರಿಂದ 71ಕ್ಕೆ ಜಿಗಿಯಿತು. ಹೆಚ್ಚಿನ ಜಿಗಿತ ಬಂದದ್ದು ಹಿಂದಿನ ತುದಿಯಿಂದ. ಜನವರಿಯ ಲೆಕ್ಕ ಕೋವಿಡ್‌ಗೆ ಮುಂಚಿನ ಬೆಲೆಯಿಂದ ಶುರುವಾಗುತ್ತದೆ. ಮಾರ್ಚ್‌ನ ಲೆಕ್ಕ 2020ರ ಮಾರ್ಚ್ 31ರಿಂದ ಶುರುವಾಗುತ್ತದೆ, ಆಗ ನಿಫ್ಟಿ 8,597ಕ್ಕೆ ಬಿದ್ದಿತ್ತು. ಅಳೆಯುವ ಪಟ್ಟಿಯ ಒಂದು ತುದಿಯನ್ನು ಗುಂಡಿಯೊಳಗೆ ಇಟ್ಟರೆ ಎತ್ತರ ಜಾಸ್ತಿ ಬಂದೇ ಬರುತ್ತದೆ, ಅಲ್ವಾ?

ಆ ಏಪ್ರಿಲ್‌ನಲ್ಲಿ ಬ್ಯಾಡಗಿಯಿಂದ ನಮ್ಮ ದೊಡ್ಡಪ್ಪನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಒಂದು ಇಂಡೆಕ್ಸ್ ಫಂಡ್‌ನ ಫ್ಯಾಕ್ಟ್ ಶೀಟ್ ಪುಟ ಅದು. ಯಾರೋ ಒಂದು ವರ್ಷದ ಕಾಲಂಗೆ ಕೆಂಪು ಪೆನ್ನಲ್ಲಿ ಗೋಲ ಹಾಕಿದ್ದರು. ಅಣ್ಣನ ಹತ್ತಿರ ಮೂರು ಲಕ್ಷ ರೂಪಾಯಿ ಇತ್ತು. ಮಗಳು ಪಿಯುಸಿ ದಾಟಿ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕಾಲೇಜು ಸೇರುವಾಗ ಫೀಸಿಗೆ ಬೇಕು ಅಂತ ತೆಗೆದಿಟ್ಟ ಹಣ ಅದು. ಇನ್ನು ಮೂರು ವರ್ಷ. ಹಿಂದೆಯೇ ಫೋನ್ ಬಂತು.

"ತಮ್ಮಾ, ಒಂದ ವರ್ಷದಾಗ ಎಪ್ಪತ್ತರ ಮ್ಯಾಲ ಕೊಟ್ಟೈತಿ ನೋಡ. ಅರ್ಧ ಕೊಟ್ರೂ ಸಾಕಲ್ಲ?"

"ಅಣ್ಣಾ, ಅದರ ಹಿಂದಿನ ವರ್ಷ ಎಷ್ಟ್ ಕೊಟ್ಟಿತ್ತು ಅಂತ ಕೇಳಿದೇನು?"

ಕೇಳಿರಲಿಲ್ಲ. ಯಾರೂ ಕೇಳುವುದಿಲ್ಲ, ಯಾಕೆಂದರೆ ಆ ಪುಟದಲ್ಲಿ ಅದಕ್ಕೆ ಕಾಲಂ ಇಲ್ಲ. ಅದರ ಹಿಂದಿನ ವರ್ಷ, ಅಂದರೆ 2019ರ ಮಾರ್ಚ್‌ನಿಂದ 2020ರ ಮಾರ್ಚ್‌ವರೆಗೆ, ನಿಫ್ಟಿ 11,623ರಿಂದ 8,597ಕ್ಕೆ ಇಳಿದಿತ್ತು. 26 ಪರ್ಸೆಂಟ್ ಇಳಿತ. ಎರಡೂ ವರ್ಷ ಕೂತವನಿಗೆ ಕೊನೆಗೆ ಸಿಕ್ಕಿದ್ದು ವರ್ಷಕ್ಕೆ 12 ಪರ್ಸೆಂಟ್ ಚಿಲ್ಲರೆ. ಒಳ್ಳೆಯ ರಿಟರ್ನೇ. ಆದರೆ 71ನ್ನು ನೋಡಿ "ಅರ್ಧ ಕೊಟ್ಟರೂ ಸಾಕು" ಎಂದುಕೊಂಡವನ ಲೆಕ್ಕಕ್ಕೂ ಇದಕ್ಕೂ ಬಹಳ ದೂರ.

ಮೆಣಸಿನಕಾಯಿ ಬೆಳೆಯುವವನಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಾಗಲಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಂದು ವರ್ಷ ದರ ಏರಿತು ಅಂತ ಮುಂದಿನ ವರ್ಷ ಎಲ್ಲರೂ ಅದನ್ನೇ ಹಾಕಿದರೆ ಏನಾಗುತ್ತದೆ ಅನ್ನುವುದು ಅಲ್ಲಿನವರಿಗೆ ಗೊತ್ತು. ಅಣ್ಣ ಹೊಲದ ವಿಷಯದಲ್ಲಿ ಒಂದು ವರ್ಷದ ದರ ನೋಡಿ ಬೀಜ ಹಾಕುವವನಲ್ಲ. ಐದಾರು ವರ್ಷದ ಏರಿಳಿತ ನೆನಪಿಟ್ಟು, ತೀರಾ ಕೆಟ್ಟ ವರ್ಷದಲ್ಲಿ ಖರ್ಚಾದರೂ ಬಂತಾ ಅಂತ ನೋಡುತ್ತಾನೆ. ಫಂಡಿನ ವಿಷಯದಲ್ಲೂ ಅದೇ ಪ್ರಶ್ನೆ ಕೇಳಬೇಕಿತ್ತು. ಆ ಪ್ರಶ್ನೆಗೆ ಉತ್ತರ ಕೊಡುವ ಲೆಕ್ಕವೇ ರೋಲಿಂಗ್ ರಿಟರ್ನ್.

ಅದಕ್ಕೆ ಮುಂಚೆ ಆ ಪುಟದಲ್ಲಿದ್ದ ಉಳಿದ ಕಾಲಂಗಳ ಬಗ್ಗೆ ಒಂದು ಮಾತು. ಶೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದ ಪ್ರಕಾರ ಫಂಡ್‌ಗಳು ಒಂದು ವರ್ಷ, ಮೂರು ವರ್ಷ, ಐದು ವರ್ಷ, ಶುರುವಾದಂದಿನಿಂದ ಹೀಗೆ ರಿಟರ್ನ್ ತೋರಿಸುತ್ತವೆ. ಪಕ್ಕದಲ್ಲಿ ಬೆಂಚ್‌ಮಾರ್ಕ್, ಅಂದರೆ ಹೋಲಿಕೆಗೆ ಇಟ್ಟುಕೊಂಡ ಸೂಚ್ಯಂಕ ಎಷ್ಟು ಕೊಟ್ಟಿತು, 10,000 ರೂಪಾಯಿ ಹಾಕಿದ್ದರೆ ಎಷ್ಟಾಗುತ್ತಿತ್ತು ಅನ್ನುವುದೂ ಇರುತ್ತದೆ. ಸ್ವಲ್ಪ ತಿಳಿದವರು "ಒಂದು ವರ್ಷದ್ದು ಬಿಡಿ, ಐದು ವರ್ಷದ್ದು ನೋಡಿ" ಅನ್ನುತ್ತಾರೆ. ಒಂದು ವರ್ಷಕ್ಕಿಂತ ಅದು ವಾಸಿ, ಆದರೆ ಸಾಲದು. ಈ ಎಲ್ಲ ಕಾಲಂಗಳೂ ಮುಗಿಯುವುದು ಒಂದೇ ದಿನಕ್ಕೆ, ಆ ತಿಂಗಳ ಕೊನೆಯ ದಿನಕ್ಕೆ. ಆ ದಿನ ಮಾರುಕಟ್ಟೆ ಮೇಲಿದ್ದರೆ ಎಲ್ಲ ಕಾಲಂಗಳೂ ಒಟ್ಟಿಗೆ ಚೆನ್ನಾಗಿ ಕಾಣುತ್ತವೆ, ಕೆಳಗಿದ್ದರೆ ಎಲ್ಲವೂ ಒಟ್ಟಿಗೆ ಕೆಡುತ್ತವೆ. ನಾಲ್ಕು ಸಾಕ್ಷಿ ಇದ್ದಂತೆ ಕಂಡರೂ ನಾಲ್ವರೂ ಒಂದೇ ದಿನದ ಮಾತು ಹೇಳುತ್ತಿರುತ್ತಾರೆ.

2020ರ ಮಾರ್ಚ್ ಕೊನೆಗೆ ನಿಫ್ಟಿಯ ಐದು ವರ್ಷದ ರಿಟರ್ನ್ ಎಷ್ಟಿತ್ತು ಅಂದರೆ, 2015ರ ಮಾರ್ಚ್‌ನಲ್ಲಿ 8,491, 2020ರ ಮಾರ್ಚ್‌ನಲ್ಲಿ 8,597. ಐದು ವರ್ಷ ಕಾದು ವರ್ಷಕ್ಕೆ ಕಾಲು ಪರ್ಸೆಂಟ್. ಹನ್ನೆರಡೇ ತಿಂಗಳು ಕಳೆದು 2021ರ ಮಾರ್ಚ್‌ನಲ್ಲಿ ಅದೇ ಐದು ವರ್ಷದ ಕಾಲಂ 13.7 ಪರ್ಸೆಂಟ್ ತೋರಿಸಿತು. ಮೊದಲ ಹಾಳೆ ನೋಡಿದವನು "ಶೇರು ಅಂದರೆ ಬರೀ ನಷ್ಟ" ಅಂದುಕೊಂಡು ಹೋದ. ಎರಡನೇ ಹಾಳೆ ನೋಡಿದವನು ಸಾಲ ಮಾಡಿಯಾದರೂ ಹಾಕೋಣ ಅಂತ ಬಂದ. ಇಬ್ಬರೂ ಐದು ವರ್ಷದ ಕಾಲಂ ಅನ್ನೇ ಓದಿದ್ದರು.

ರೋಲಿಂಗ್ ರಿಟರ್ನ್ ಮಾಡುವುದು ಇಷ್ಟೇ. ಎಷ್ಟು ವರ್ಷದ ಅವಧಿ ಅಂತ ಮೊದಲು ತೀರ್ಮಾನಿಸಿ, ಆ ಅವಧಿಯನ್ನು ಇತಿಹಾಸದ ಉದ್ದಕ್ಕೂ ಒಂದೊಂದೇ ಹೆಜ್ಜೆ ಸರಿಸುತ್ತಾ ಹೋಗುವುದು. ಮೂರು ವರ್ಷ ಅಂದರೆ 2008ರಿಂದ 2011, 2009ರಿಂದ 2012, 2010ರಿಂದ 2013, ಹೀಗೆ. ಸಾಮಾನ್ಯವಾಗಿ ದಿನದಿನಕ್ಕೆ ಅಥವಾ ತಿಂಗಳು ತಿಂಗಳಿಗೆ ಸರಿಸುತ್ತಾರೆ. ಪ್ರತಿ ಅವಧಿಗೂ ವರ್ಷಕ್ಕೆ ಎಷ್ಟು ಪರ್ಸೆಂಟ್ ಬಂತು ಅಂತ ಚಕ್ರಬಡ್ಡಿ ಲೆಕ್ಕದಲ್ಲಿ ತೆಗೆಯುತ್ತಾರೆ. ಆಗ ಒಂದು ಉತ್ತರದ ಬದಲು ಸಾಲು ಉತ್ತರಗಳು ಸಿಗುತ್ತವೆ, ಯಾವ್ಯಾವುದೋ ದಿನ ಹಣ ಹಾಕಿ ಸರಿಯಾಗಿ ಮೂರು ವರ್ಷಕ್ಕೆ ತೆಗೆದ ಎಲ್ಲರ ಕಥೆಯೂ ಒಂದೇ ಕಡೆ.

ಅಣ್ಣನಿಗೆ ನಾನು ವರ್ಷಕ್ಕೊಂದು ಹೆಜ್ಜೆಯಂತೆ, ಪ್ರತಿ ಮಾರ್ಚ್‌ನ ಕೊನೆಯ ವಹಿವಾಟಿನ ದಿನದ ಬೆಲೆ ಹಿಡಿದು ಲೆಕ್ಕ ಮಾಡಿ ಕಳಿಸಿದೆ. ಕೈಯಲ್ಲೇ ಮಾಡಬಹುದಾದಷ್ಟು ಸಣ್ಣ ಲೆಕ್ಕ. ಒಂದನ್ನು ಪೂರ್ತಿ ತೋರಿಸುತ್ತೇನೆ. 2010ರ ಮಾರ್ಚ್‌ನಲ್ಲಿ ನಿಫ್ಟಿ 5,249. 2013ರ ಮಾರ್ಚ್‌ನಲ್ಲಿ 5,682. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.0826. ಅಂದರೆ ಮೂರು ವರ್ಷದಲ್ಲಿ ಒಟ್ಟು 8 ಪರ್ಸೆಂಟ್ ಚಿಲ್ಲರೆ. ಆ 8ನ್ನು ಮೂರರಿಂದ ಭಾಗಿಸಬಾರದು, 1.0826ರ ಘನಮೂಲ ತೆಗೆಯಬೇಕು. ಬರುವುದು 1.027, ಅಂದರೆ ವರ್ಷಕ್ಕೆ 2.7 ಪರ್ಸೆಂಟ್.

2008ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗೆ ಹೀಗೆ ಹನ್ನೊಂದು ಅವಧಿಗಳು ಸಿಗುತ್ತವೆ. ಸಾಲಾಗಿ ಓದಿ: 7.2, 20.6, 2.7, 4.7, 17.0, 10.8, 11.0, 6.0, 14.5, ಮೈನಸ್ 2.1, ಕೊನೆಯದು 13.3 ಹತ್ತಿರ. ಇದರಲ್ಲಿ ಎಲ್ಲೂ 71 ಇಲ್ಲ. ಅದರ ಅರ್ಧವೂ ಇಲ್ಲ. ಅತಿ ಒಳ್ಳೆಯದು 20.6, ಅದು 2009ರ ಮಾರ್ಚ್‌ನಲ್ಲಿ, ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದಾಗ ಧೈರ್ಯ ಮಾಡಿ ಹಾಕಿದವನಿಗೆ ಬಂದದ್ದು. ಅತಿ ಕೆಟ್ಟದ್ದು 2017ರಲ್ಲಿ ಹಾಕಿ 2020ರಲ್ಲಿ ತೆಗೆದವನದು, ಮೂರು ವರ್ಷ ಕಾದು ಅಸಲಿಗೇ ಪೆಟ್ಟು.

ಈ ಸಾಲನ್ನು ಹೇಗೆ ಓದಬೇಕು ಅನ್ನುವುದರಲ್ಲೇ ವಿಷಯ ಇರುವುದು. ಹೆಚ್ಚಿನವರ ಕಣ್ಣು ಸರಾಸರಿಗೆ ಹೋಗುತ್ತದೆ. ಮೇಲಿನ ಹನ್ನೊಂದರ ಸರಾಸರಿ 9.6. ಆದರೆ ಸರಾಸರಿ ಯಾರಿಗೂ ಸಿಗಲಿಲ್ಲ ನೋಡಿ, ಹನ್ನೊಂದರಲ್ಲಿ ಒಂದೂ 9.6 ಇಲ್ಲ. ನಾನು ಮೊದಲು ನೋಡುವುದು ಅತಿ ಕೆಳಗಿನದನ್ನು, ಆಮೇಲೆ ಸಾಲನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನದನ್ನು, ಆಮೇಲೆ ನನಗೆ ಬೇಕಾದ ಒಂದು ಗೆರೆಗಿಂತ ಕೆಳಗೆ ಎಷ್ಟು ಸಲ ಬಿದ್ದಿದೆ ಅನ್ನುವುದನ್ನು. ಇಲ್ಲಿ ನಡುವಿನದು 10.8. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಅವರವರ ಹಣದ ಮೇಲೆ ಹೋಗುತ್ತದೆ. ಅಣ್ಣನಿಗೆ ಇದ್ದ ಇನ್ನೊಂದು ದಾರಿ ಬ್ಯಾಂಕಿನ ಎಫ್‌ಡಿ, ಆಗ ಅದರ ಬಡ್ಡಿ 5 ಪರ್ಸೆಂಟ್ ಆಸುಪಾಸಿನಲ್ಲಿತ್ತು. 5ಕ್ಕಿಂತ ಕೆಳಗೆ ಬಿದ್ದ ಅವಧಿಗಳು ಹನ್ನೊಂದರಲ್ಲಿ ಮೂರು.

ಪರ್ಸೆಂಟ್‌ನಲ್ಲಿ ಹೇಳಿದರೆ ಅವನಿಗೆ ಅದು ಮುಟ್ಟುವುದಿಲ್ಲ ಅಂತ ರೂಪಾಯಿಯಲ್ಲಿ ಹೇಳಿದೆ. ಮೂರು ಲಕ್ಷ ಹಾಕಿದರೆ, ಅತಿ ಒಳ್ಳೆಯ ಅವಧಿಯ ಹಾಗೆ ನಡೆದರೆ ಮೂರು ವರ್ಷಕ್ಕೆ 5.26 ಲಕ್ಷ. ನಡುವಿನದರ ಹಾಗೆ ನಡೆದರೆ 4.08 ಲಕ್ಷ. ಅತಿ ಕೆಟ್ಟದರ ಹಾಗೆ ನಡೆದರೆ 2.81 ಲಕ್ಷ. ಬ್ಯಾಂಕಿನಲ್ಲಿ 5 ಪರ್ಸೆಂಟ್‌ಗೆ ಇಟ್ಟರೆ 3.47 ಲಕ್ಷ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ.

"ಎರಡ ಲಕ್ಷ ಎಂಬತ್ತೊಂದ್ ಸಾವಿರ ಬಂದ್ರ ಫೀಸ್ ಹೆಂಗ ಕಟ್ಟೂದು?"

"ಅದನ್ನ ನೀ ಹೇಳ್ಬೇಕಣ್ಣಾ. ಇನ್ನೊಂದ್ ವರ್ಷ ಕಾಯಾಕ ಕಾಲೇಜ್ನವರು ಬಿಡ್ತಾರೇನು?"

ಬಿಡುವುದಿಲ್ಲ. 2020ರ ಮಾರ್ಚ್‌ನಲ್ಲಿ ತೆಗೆಯದೆ ಇನ್ನೊಂದು ವರ್ಷ ಕಾದವನು ಚೆನ್ನಾಗೇ ಇದ್ದ. ಕಾಯಲು ಆಗದವನಿಗೆ ಆ ಮಾತಿನಿಂದ ಏನೂ ಸಿಗುವುದಿಲ್ಲ. ಆದ್ದರಿಂದಲೇ ಅವಧಿಯನ್ನು ಫಂಡ್ ನೋಡಿ ಆರಿಸಬಾರದು, ಹಣ ಯಾವಾಗ ಬೇಕು ಅನ್ನುವುದನ್ನು ನೋಡಿ ಆರಿಸಬೇಕು. ಮೂರು ವರ್ಷಕ್ಕೆ ಬೇಕಾದ ಹಣಕ್ಕೆ ಮೂರು ವರ್ಷದ ರೋಲಿಂಗ್ ನೋಡಬೇಕು. ಹತ್ತು ವರ್ಷದ್ದು ತೋರಿಸಿ ಮೂರು ವರ್ಷದ ಹಣ ಹಾಕಿಸಿದರೆ ಅದು ತಪ್ಪು ಮಾಹಿತಿಯೇ, ಒಂದೊಂದು ಅಂಕಿಯೂ ನಿಜ ಆಗಿದ್ದರೂ.

ಹತ್ತು ವರ್ಷದ ಅವಧಿಗೆ ಇದೇ ಲೆಕ್ಕ ಹಾಕಿದರೆ ಚಿತ್ರ ಬೇರೆ ಆಗುತ್ತದೆ. 2008ರಿಂದ 2018, 2009ರಿಂದ 2019, ಹೀಗೆ 2015ರಿಂದ 2025ರವರೆಗೆ ನೋಡಿದರೆ ಅತಿ ಕಡಿಮೆ ವರ್ಷಕ್ಕೆ 5.1, ಅತಿ ಹೆಚ್ಚು 14.4. ಆ 5.1 ಬಂದದ್ದು ಮತ್ತೆ 2020ರ ಮಾರ್ಚ್‌ನಲ್ಲೇ ಮುಗಿಯುವ ಅವಧಿಗೆ. ಅಂದರೆ ಅದೇ ಗುಂಡಿ ಹತ್ತು ವರ್ಷದವನಿಗೂ ಎದುರಾಯಿತು, ಆದರೆ ಅಸಲು ತಿನ್ನಲಿಲ್ಲ. ಮೇಲಿನ ತುದಿಯೂ ಇಳಿದಿದೆ ಅನ್ನುವುದನ್ನು ಗಮನಿಸಿ. ಅವಧಿ ಉದ್ದವಾದಷ್ಟೂ ಎರಡೂ ತುದಿಗಳು ನಡುವಿನ ಕಡೆಗೆ ಬರುತ್ತವೆ, ದೊಡ್ಡ ಲಾಭದ ಆಸೆಯೂ ದೊಡ್ಡ ನಷ್ಟದ ಭಯವೂ ಎರಡೂ ಕಡಿಮೆ ಆಗುತ್ತವೆ. ಆಗ ಉಳಿಯುವ 10, 12 ಅನ್ನುವ ಸಾಧಾರಣ ಅಂಕಿಗಳನ್ನು ಯಾರೂ ಕೆಂಪು ಪೆನ್ನಲ್ಲಿ ಗೋಲ ಹಾಕಿ ಕಳಿಸುವುದಿಲ್ಲ.

ಒಂದು ಸ್ಪಷ್ಟನೆ. ನಾನು ಬಳಸಿದ್ದು ಬರೀ ಸೂಚ್ಯಂಕದ ಬೆಲೆ, ಕಂಪನಿಗಳು ಕೊಟ್ಟ ಡಿವಿಡೆಂಡ್ ಇದರಲ್ಲಿ ಇಲ್ಲ. ಅದನ್ನೂ ಸೇರಿಸಿದ ಲೆಕ್ಕವನ್ನು ಟಿಆರ್‌ಐ ಅನ್ನುತ್ತಾರೆ, 2018ರ ಫೆಬ್ರವರಿಯಿಂದ ಫಂಡ್‌ಗಳು ಬೆಂಚ್‌ಮಾರ್ಕ್ ಆಗಿ ಅದನ್ನೇ ತೋರಿಸಬೇಕು ಅನ್ನುವ ನಿಯಮ ಇದೆ. ನಿಫ್ಟಿಯಲ್ಲಿ ಅದು ವರ್ಷಕ್ಕೆ ಒಂದು ಪರ್ಸೆಂಟ್ ಚಿಲ್ಲರೆ ಜಾಸ್ತಿ ಬರುತ್ತದೆ. ಸೇರಿಸಿದರೆ ಮೇಲಿನ 4.7 ಅನ್ನುವುದು 5ರ ಗೆರೆ ದಾಟಬಹುದು, ಉಳಿದೆರಡು ದಾಟುವುದಿಲ್ಲ. ಇನ್ನೊಂದು, ಮಾರ್ಚ್ ಕೊನೆಯ ದಿನಗಳನ್ನಷ್ಟೇ ಹಿಡಿದದ್ದರಿಂದ ನಿಜವಾದ ತಳ ನನ್ನ ಲೆಕ್ಕದಲ್ಲಿ ಸಿಕ್ಕಿಲ್ಲ. 2020ರ ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಮುಗಿದಿತ್ತು. ಆ ದಿನ ತೆಗೆಯಬೇಕಾಗಿ ಬಂದವನ ಪಾಡು ಮೈನಸ್ 2.1ಕ್ಕಿಂತ ಕೆಟ್ಟದಿತ್ತು. ದಿನದಿನಕ್ಕೆ ಸರಿಸಿದ ರೋಲಿಂಗ್ ಪಟ್ಟಿಯಲ್ಲಿ ಅಂಥ ದಿನಗಳೂ ಕಾಣುತ್ತವೆ, ಆದ್ದರಿಂದ ಅದು ಉತ್ತಮ.

ಕೆಲವು ಫಂಡ್ ಹೌಸ್‌ಗಳು ಫ್ಯಾಕ್ಟ್ ಶೀಟ್‌ನಲ್ಲೇ ಈ ಪಟ್ಟಿ ಕೊಡುತ್ತವೆ. ಅತಿ ಕಡಿಮೆ, ಅತಿ ಹೆಚ್ಚು, ಸರಾಸರಿ, ಎಷ್ಟು ಸಲ ನಷ್ಟ, ಎಷ್ಟು ಸಲ ಬೆಂಚ್‌ಮಾರ್ಕ್‌ಗಿಂತ ಮುಂದೆ, ಹೀಗೆ. ಎಲ್ಲರೂ ಕೊಡುವುದಿಲ್ಲ. ಕೊಡದಿದ್ದರೆ ನೀವೇ ಮಾಡಿಕೊಳ್ಳಬಹುದು. ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಎಎಂಎಫ್‌ಐ ವೆಬ್‌ಸೈಟ್‌ನಲ್ಲಿ ಪ್ರತಿ ಫಂಡ್‌ನ ಹಳೆಯ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಆಯಾ ದಿನದ ಬೆಲೆ, ಸಿಗುತ್ತದೆ. ಪ್ರತಿ ತಿಂಗಳ ಕೊನೆಯ ಎನ್‌ಎವಿಯನ್ನು ಸ್ಪ್ರೆಡ್‌ಶೀಟ್‌ನ `B` ಕಾಲಂನಲ್ಲಿ ಹಳೆಯದರಿಂದ ಹೊಸದಕ್ಕೆ ಕೆಳಗೆ ಕೆಳಗೆ ತುಂಬಿ. ಮೊದಲ ಎನ್‌ಎವಿ `B2`ನಲ್ಲಿದ್ದರೆ 36 ತಿಂಗಳ ನಂತರದ್ದು `B38`ನಲ್ಲಿ ಇರುತ್ತದೆ. `C38`ನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=(B38/B2)^(1/3)-1
```

ಎಳೆದ ಕಾಲಂಗೆ `MIN`, `MEDIAN`, `COUNTIF` ಹಾಕಿದರೆ ಮುಗಿಯಿತು. ಒಂದು ಎಚ್ಚರಿಕೆ, ತಿಂಗಳು ಒಂದೂ ತಪ್ಪಿರಬಾರದು. ಒಂದು ಸಾಲು ಬಿಟ್ಟುಹೋದರೆ ಅದನ್ನು ದಾಟುವ ಅವಧಿಗಳೆಲ್ಲ 37 ತಿಂಗಳದ್ದಾಗುತ್ತವೆ, ನೋಡಿದರೆ ಗೊತ್ತೂ ಆಗುವುದಿಲ್ಲ. ಹಾಗೆಯೇ ಲಾಭವನ್ನು ಹಂಚದೆ ಒಳಗೇ ಬಿಡುವ ಗ್ರೋತ್ ಆಯ್ಕೆಯ ಎನ್‌ಎವಿಯನ್ನೇ ತೆಗೆದುಕೊಳ್ಳಿ. ಡಿವಿಡೆಂಡ್ ಹಂಚುವ ಆಯ್ಕೆಯಲ್ಲಿ ಹಂಚಿದ ದಿನ ಎನ್‌ಎವಿ ಇಳಿಯುತ್ತದೆ, ಲೆಕ್ಕದಲ್ಲಿ ಅದು ನಷ್ಟದ ಹಾಗೆ ಕಾಣುತ್ತದೆ.

ಈಗ ಈ ಲೆಕ್ಕದ ಮಿತಿಗಳಿಗೆ ಬರುತ್ತೇನೆ, ಯಾಕೆಂದರೆ ರೋಲಿಂಗ್ ರಿಟರ್ನ್ ಅಂದ ಕೂಡಲೇ ನಂಬಿಬಿಡುವವರೂ ಈಗೀಗ ಜಾಸ್ತಿ ಆಗಿದ್ದಾರೆ. ಹತ್ತು ವರ್ಷದ ಎನ್‌ಎವಿ ತೆಗೆದುಕೊಂಡು ಮೂರು ವರ್ಷದ ಅವಧಿಯನ್ನು ದಿನದಿನಕ್ಕೆ ಸರಿಸಿದರೆ 1,700ರಷ್ಟು ಉತ್ತರಗಳು ಬರುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಆ ಸಂಖ್ಯೆಯನ್ನು ಬರೆದಿರುತ್ತಾರೆ, ಓದಿದರೆ 1,700 ಸಲ ಪರೀಕ್ಷೆ ಮಾಡಿ ಪಾಸಾದ ಹಾಗೆ ಅನಿಸುತ್ತದೆ. ಆದರೆ ಸೋಮವಾರ ಶುರುವಾದ ಮೂರು ವರ್ಷಕ್ಕೂ ಮಂಗಳವಾರ ಶುರುವಾದ ಮೂರು ವರ್ಷಕ್ಕೂ ಎರಡೂ ತುದಿಯ ಒಂದೊಂದು ದಿನ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಹತ್ತು ವರ್ಷದಲ್ಲಿ ಒಂದರ ಮೇಲೊಂದು ಬೀಳದ ಮೂರು ವರ್ಷದ ಅವಧಿಗಳು ಇರುವುದು ಮೂರೇ ಮೂರು. ಹಾಗಾಗಿ "ನೂರಕ್ಕೆ 95 ಸಲ ಲಾಭ" ಅನ್ನುವ ಸಾಲನ್ನು ಮುಂದೆಯೂ ನೂರಕ್ಕೆ 95ರಷ್ಟು ಖಾತ್ರಿ ಅಂತ ಓದಬೇಡಿ. ನಡೆದುಹೋದ ಒಂದೇ ಇತಿಹಾಸವನ್ನು ಬಹಳ ಕಡೆಯಿಂದ ಅಳೆದಿದ್ದಾರೆ, ಅಷ್ಟೇ.

ಪಟ್ಟಿ ಯಾವ ದಿನದಿಂದ ಶುರುವಾಗಿದೆ ಅನ್ನುವುದನ್ನೂ ನೋಡಲೇಬೇಕು. 2020ರ ಏಪ್ರಿಲ್‌ನಿಂದ ಶುರುವಾದ ಪಟ್ಟಿಯಲ್ಲಿ ಕೆಟ್ಟ ಅವಧಿಯೇ ಸಿಗುವುದಿಲ್ಲ. ಅಣ್ಣನಿಗೆ ಕಳಿಸಿದ ಸಾಲಿಗೆ ಆಮೇಲೆ ನಾನು ಇನ್ನೂ ನಾಲ್ಕು ಅವಧಿ ಸೇರಿಸಿದೆ, 2025ರ ಮಾರ್ಚ್‌ವರೆಗೆ: 14.5, 26.4, 15.0, 10.4. ನಾಲ್ಕೂ ಚೆನ್ನಾಗಿವೆ. ಈ ನಾಲ್ಕನ್ನು ಮಾತ್ರ ತೋರಿಸಿದರೆ ಮೂರು ವರ್ಷಕ್ಕೆ ಶೇರು ಮಾರುಕಟ್ಟೆ ಬ್ಯಾಂಕಿನಷ್ಟೇ ಭದ್ರ ಅನ್ನುವ ಹಾಗೆ ಕಾಣುತ್ತದೆ. ಮಾರುಕಟ್ಟೆಯ ಒಂದು ದೊಡ್ಡ ಬೀಳುವಿಕೆಯಾದರೂ ಒಳಗೆ ಇರುವಷ್ಟು ಉದ್ದ ಇಲ್ಲದ ಪಟ್ಟಿಯನ್ನು ನಾನು ಪಕ್ಕಕ್ಕೆ ಇಡುತ್ತೇನೆ.

ಆ 26.4 ಬಗ್ಗೆಯೂ ಹೇಳಬೇಕು. ಅದು 2020ರ ಮಾರ್ಚ್‌ನಲ್ಲಿ ಹಾಕಿ 2023ರಲ್ಲಿ ತೆಗೆದವನದು, ಹಣ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಯಿತು. 2023ರ ಏಪ್ರಿಲ್‌ನಲ್ಲಿ ಮೂರು ವರ್ಷದ ಕಾಲಂ ತೋರಿಸಿ ಹಣ ಕೇಳಿದವರಿಗೆ ಅದೇ ಗುಂಡಿಯ ತುದಿ ಮತ್ತೆ ಸಿಕ್ಕಿತ್ತು. ಒಂದು ವರ್ಷದ ಕಾಲಂನಿಂದ ಅದು ಜಾರಿಹೋಗಿ ಎರಡು ವರ್ಷದ ಮೇಲೆ ಮೂರು ವರ್ಷದ ಕಾಲಂನಲ್ಲಿ ಎದ್ದಿತು, ಆಮೇಲೆ 2025ರ ಮಾರ್ಚ್‌ನಲ್ಲಿ ಐದು ವರ್ಷದ ಕಾಲಂನಲ್ಲಿ. ಒಂದು ಕೆಟ್ಟ ಮಾರ್ಚ್ ಐದು ವರ್ಷದವರೆಗೆ ಫ್ಯಾಕ್ಟ್ ಶೀಟ್‌ಗಳಿಗೆ ಒಳ್ಳೆಯ ಅಂಕಿ ಒದಗಿಸಿತು.

ಅಣ್ಣ ಫೀಸಿನ ಹಣವನ್ನು ಬ್ಯಾಂಕಿನಲ್ಲೇ ಇಟ್ಟ. ಬೇರೆ ಸ್ವಲ್ಪ ಹಣ, ಹತ್ತು ವರ್ಷ ಮುಟ್ಟದೆ ಇರಬಹುದಾದದ್ದು, ಇಂಡೆಕ್ಸ್ ಫಂಡಿಗೆ ಹಾಕಿದ. 2024ರ ಮಾರ್ಚ್‌ಗೆ ಮೂರು ವರ್ಷ ತುಂಬಿತು. ಆ ಅವಧಿಯ ರಿಟರ್ನ್ ವರ್ಷಕ್ಕೆ 15. ಮೂರು ಲಕ್ಷ ಹಾಕಿದ್ದರೆ 4.56 ಲಕ್ಷ ಆಗುತ್ತಿತ್ತು. ಅವನೇ ಲೆಕ್ಕ ಹಾಕಿ ಫೋನ್ ಮಾಡಿದ. ಬೇಜಾರೇನೂ ಇರಲಿಲ್ಲ, ಆದರೆ ಕೇಳಬೇಕು ಅನಿಸಿತ್ತು: "ಹಾಕಿದ್ರ ಛಲೋ ಆಗ್ತಿತ್ತಲ್ಲ ತಮ್ಮಾ?"

ಆಗುತ್ತಿತ್ತು. ಆದರೆ ಆಗಲೂ ಈಗಲೂ ನಾನು ಅದನ್ನೇ ಹೇಳುತ್ತೇನೆ. ಒಳ್ಳೆಯದಾಯಿತು ಅನ್ನುವುದು ಆಮೇಲೆ ಗೊತ್ತಾದದ್ದು. ಹಾಕುವ ದಿನ ಕೈಯಲ್ಲಿದ್ದದ್ದು ಹನ್ನೊಂದು ಅವಧಿಗಳ ಸಾಲು, ಅದರಲ್ಲಿ ಮೂರು ಬ್ಯಾಂಕಿನ ಬಡ್ಡಿಗಿಂತ ಕೆಳಗೆ, ಒಂದು ಅಸಲಿಗಿಂತ ಕೆಳಗೆ. ಫೀಸ್ ಕಟ್ಟುವ ತಾರೀಕು ಮಾತ್ರ ಯಾವ ಅವಧಿಯಲ್ಲೂ ಬದಲಾಗುತ್ತಿರಲಿಲ್ಲ. ಅವನಿಗೂ ಅದು ಒಪ್ಪಿತವಾಗಿತ್ತು, ಯಾಕೆಂದರೆ ಆ ವರ್ಷ ಫೀಸ್ ಕಟ್ಟುವ ಹೊತ್ತಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಿತ್ತು. ಕಡಿಮೆ ಬಿದ್ದಿದ್ದರೆ ತುಂಬಿಸಲು ಬೇರೆ ಕಡೆಯಿಂದ ಹಣ ಬರುವ ದಾರಿ ಇರಲಿಲ್ಲ.

ಇಂಡೆಕ್ಸ್ ಫಂಡ್ ಆದ್ದರಿಂದ ಈ ಲೆಕ್ಕ ಸಲೀಸಾಗಿತ್ತು. ಮ್ಯಾನೇಜರ್ ಶೇರು ಆರಿಸುವ ಫಂಡ್ ಆದರೆ ಇನ್ನೊಂದೆರಡು ಪ್ರಶ್ನೆ ಏಳುತ್ತವೆ. ಅತಿ ಒಳ್ಳೆಯ ಅವಧಿಗಳು ಬಂದಾಗ ಇದ್ದ ಮ್ಯಾನೇಜರ್ ಈಗಲೂ ಇದ್ದಾರಾ? ಅವರು ಯಾವಾಗಿನಿಂದ ನೋಡಿಕೊಳ್ಳುತ್ತಿದ್ದಾರೆ ಅನ್ನುವುದು ಫ್ಯಾಕ್ಟ್ ಶೀಟ್‌ನಲ್ಲೇ ಇರುತ್ತದೆ. ಫಂಡ್ ಅವತ್ತೂ ಇದೇ ತರಹದ್ದಾಗಿತ್ತಾ? ಸೆಬಿ 2017ರ ಅಕ್ಟೋಬರ್‌ನಲ್ಲಿ ಫಂಡ್‌ಗಳ ವಿಂಗಡಣೆ ಬಗ್ಗೆ ಸುತ್ತೋಲೆ ತಂದಿತು, 2018ರಲ್ಲಿ ಬಹಳಷ್ಟು ಫಂಡ್‌ಗಳ ಹೆಸರೂ ಬದಲಾದವು, ಒಳಗಿನ ಶೇರುಗಳೂ ಬದಲಾದವು. ಈಗ ಲಾರ್ಜ್ ಕ್ಯಾಪ್ ಅನ್ನುವ ಫಂಡ್ ಕನಿಷ್ಠ 80 ಪರ್ಸೆಂಟ್ ಹಣವನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಲ್ಲಿ ಹಾಕಲೇಬೇಕು. 2018ಕ್ಕೆ ಮುಂಚೆ ಅಂಥ ಕಟ್ಟು ಇರಲಿಲ್ಲ, ಸಣ್ಣ ಕಂಪನಿಗಳ ಶೇರು ಇಟ್ಟುಕೊಂಡು ದೊಡ್ಡ ಕಂಪನಿಗಳ ಬೆಂಚ್‌ಮಾರ್ಕ್ ಎದುರು ಗೆದ್ದು ತೋರಿಸಬಹುದಿತ್ತು. ಅಂಥ ಫಂಡಿನ 2014ರ ರೋಲಿಂಗ್ ಅಂಕಿ ಇವತ್ತಿನ ಫಂಡಿನ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ಇಂಥ ಫಂಡ್‌ಗಳಲ್ಲಿ ನಾನು ನೋಡುವ ಅಂಕಿ, ಬೆಂಚ್‌ಮಾರ್ಕ್‌ನ ಟಿಆರ್‌ಐಗಿಂತ ಎಷ್ಟು ಪರ್ಸೆಂಟ್ ಅವಧಿಗಳಲ್ಲಿ ಮುಂದಿತ್ತು ಅನ್ನುವುದು. ಅರ್ಧದಷ್ಟು ಸಲ ಮಾತ್ರ ಅಂದರೆ ಆ ಖರ್ಚು ಕೊಟ್ಟು ಮ್ಯಾನೇಜರ್ ಇಟ್ಟುಕೊಳ್ಳುವ ಬದಲು ಇಂಡೆಕ್ಸ್ ಫಂಡೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಅಣ್ಣನ ಗೆಳೆಯರೂ ಫೋಟೋ ಕಳಿಸುತ್ತಾರೆ. ಇತ್ತೀಚೆಗೆ ಹೆಚ್ಚು ಬರುತ್ತಿರುವುದು ಹೊಸ ತರಹದ ಇಂಡೆಕ್ಸ್ ಫಂಡ್‌ಗಳು, ಮೊಮೆಂಟಮ್, ಲೋ ವೊಲಟಿಲಿಟಿ ಅಂತೆಲ್ಲ ಹೆಸರಿನವು. ಫಂಡಿಗೆ ಎರಡು ವರ್ಷ ವಯಸ್ಸಾಗಿರುವುದಿಲ್ಲ, ಹಾಗಾಗಿ ಅದಕ್ಕೆ ಮೂರು ವರ್ಷದ ರೋಲಿಂಗ್ ಒಂದೂ ಇರುವುದಿಲ್ಲ. ಅದರ ಬದಲು ಸೂಚ್ಯಂಕದ ರೋಲಿಂಗ್ ತೋರಿಸುತ್ತಾರೆ, ಹದಿನೈದಿಪ್ಪತ್ತು ವರ್ಷದ್ದು, ಬಹಳ ಚೆನ್ನಾಗಿರುತ್ತದೆ. ಇಲ್ಲಿ ಎರಡು ತಾರೀಕು ನೋಡಬೇಕು, ಎನ್‌ಎಸ್‌ಇಯ ಸೂಚ್ಯಂಕದ ಹಾಳೆಯಲ್ಲಿ ಎರಡೂ ಇರುತ್ತವೆ: `Base Date` ಮತ್ತು `Launch Date`. ನಿಫ್ಟಿ 50ಕ್ಕೆ ಈ ಎರಡರ ನಡುವೆ ಆರು ತಿಂಗಳೂ ಇಲ್ಲ, 1995ರ ನವೆಂಬರ್ 3 ಮತ್ತು 1996ರ ಏಪ್ರಿಲ್ 22. ನಿಫ್ಟಿ 200 ಮೊಮೆಂಟಮ್ 30 ಸೂಚ್ಯಂಕಕ್ಕೆ ಮೊದಲನೆಯದು 2005, ಎರಡನೆಯದು 2020. ನಡುವಿನ ಹದಿನೈದು ವರ್ಷದಲ್ಲಿ ಆ ಸೂಚ್ಯಂಕ ಇರಲೇ ಇಲ್ಲ, ಅದರಲ್ಲಿ ಯಾರೂ ಒಂದು ರೂಪಾಯಿ ಹಾಕಿರಲಿಲ್ಲ. 2020ರಲ್ಲಿ ಕೂತು, ಹಳೆಯ ಬೆಲೆಗಳೆಲ್ಲ ಗೊತ್ತಿದ್ದಾಗ, ನಿಯಮ ಬರೆದು ಹಿಂದಕ್ಕೆ ಹಾಕಿದ ಲೆಕ್ಕ ಅದು. ಕಳಿಸಿದವರಿಗೆ ನಾನು ಈ ಎರಡು ತಾರೀಕು ಹುಡುಕಿ, ಎರಡನೆಯದರಿಂದ ಈಚೆಗಿನ ಅವಧಿಗಳನ್ನು ಮಾತ್ರ ಹಿಡಿದು ಮತ್ತೆ ಲೆಕ್ಕ ಹಾಕಿ ಅನ್ನುತ್ತೇನೆ. ಪಟ್ಟಿ ಬಹಳ ಚಿಕ್ಕದಾಗುತ್ತದೆ, ಕೆಲವೊಮ್ಮೆ ನಾಲ್ಕೈದು ಸಾಲು ಕೂಡ ಉಳಿಯುವುದಿಲ್ಲ, ಉಳಿದವೂ ಬಹುತೇಕ 2020ರ ಆ ಗುಂಡಿಯಿಂದ ಮೇಲೆದ್ದ ವರ್ಷಗಳವೇ ಆಗಿರುತ್ತವೆ.